ಅಲ್ಲಾಡಿಸಿದರೆ ಮಾತ್ರ ಚಾರ್ಜ್ ಆಗುವ ಟ್ಯಾಬ್: ಬೆಸುಗೆ ಹಾಕಿಸಬೇಕಾ, ಬೇಡವಾ?

ನಮ್ಮ ಮನೆಯ ಎರಡು ಟ್ಯಾಬ್‌ಗಳಿಗೆ ಒಂದೇ ಕಾಯಿಲೆ. ವೈರ್ ಚುಚ್ಚಿ ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಚಾರ್ಜ್ ಆಗುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಒಂದು ಅಪ್ಪನದು, ಹಳೆಯ ಮೈಕ್ರೊ ಯುಎಸ್‌ಬಿ. ಇನ್ನೊಂದು ಬೇಲೂರಿನಲ್ಲಿರುವ ತಂಗಿಯದು, ಟೈಪ್-ಸಿ. ಹಾಸನದಲ್ಲಿ ವಿಚಾರಿಸಿದರೆ ಅಂಗಡಿಗೊಂದು ಮಾತು. ಬಸ್ ಸ್ಟ್ಯಾಂಡ್ ಹತ್ತಿರದವರು 200 ರೂಪಾಯಿಗೆ ‘ಟಚ್ ಅಪ್’ ಮಾಡಿಕೊಡ್ತೀನಿ ಅಂದರು. ಬಿ.ಎಂ. ರಸ್ತೆಯ ಕಡೆ ಇನ್ನೊಬ್ಬರು ಹೊಸ ಪಿನ್, ಅಂದರೆ ವೈರ್ ಚುಚ್ಚುವ ಇಡೀ ಕಿಂಡಿಯನ್ನೇ ಹೊಸದಾಗಿ ಹಾಕಲು 700 ಕೇಳಿದರು. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ‘ಪೂರ್ತಿ ಬೋರ್ಡೇ ಬದಲಾಯಿಸಬೇಕು’ ಅಂದು ಹೇಳಿದ ಮೊತ್ತಕ್ಕೆ ಇನ್ನಷ್ಟು ಸೇರಿಸಿದರೆ ಹೊಸ ಟ್ಯಾಬೇ ಬರುತ್ತಿತ್ತು. ಬೋರ್ಡ್ ಬದಲಾಯಿಸುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಈ ಎರಡು ಟ್ಯಾಬ್‌ಗಳ ಮೇಲೆ ಮಾಡಿಸಿ ನೋಡಿದೆವು.

ಯಾವುದು ಒಳ್ಳೆಯದು ಅನ್ನುವ ಮೊದಲು, ಅಲ್ಲಾಡುತ್ತಿರುವುದು ಯಾವುದು ಅಂತ ಗೊತ್ತಾಗಬೇಕು. ಟ್ಯಾಬ್ ಆಫ್ ಮಾಡಿ, ಟಾರ್ಚ್ ಹಿಡಿದು ಕಿಂಡಿಯೊಳಗೆ ನೋಡಿ. ಮೊದಲು ಕಾಣುವುದು ಧೂಳು, ಬಟ್ಟೆಯ ನಾರು. ಬ್ಯಾಗಿನಲ್ಲಿ ಇಟ್ಟು ಓಡಾಡುವ ಟ್ಯಾಬಿನಲ್ಲಿ ಇದು ತಳದಲ್ಲಿ ಒತ್ತಿ ಗಟ್ಟಿಯಾಗಿ ಕೂತಿರುತ್ತದೆ. ಆಗ ವೈರ್ ಪೂರ್ತಿ ಒಳಗೆ ಹೋಗುವುದಿಲ್ಲ, ಒಂದು ಮಿಲಿಮೀಟರ್‌ನಷ್ಟು ಹೊರಗೇ ನಿಲ್ಲುತ್ತದೆ. ಮರದ ಟೂತ್‌ಪಿಕ್ಕನ್ನು ಸಣ್ಣಗೆ ಕೆರೆದುಕೊಂಡು ನಿಧಾನವಾಗಿ ಎಳೆದರೆ ಬರುತ್ತದೆ. ಸೂಜಿ, ಸೇಫ್ಟಿ ಪಿನ್ ಬೇಡ.

ಆಮೇಲೆ ಬೇರೆ ವೈರ್ ಹಾಕಿ ನೋಡಬೇಕು. ಗಟ್ಟಿಯಾಗಿ ಹಿಡಿದುಕೊಳ್ಳುವ ಸ್ಪ್ರಿಂಗ್‌ಗಳು ಮೈಕ್ರೊ ಯುಎಸ್‌ಬಿಯಲ್ಲಿ ವೈರಿನ ತುದಿಯಲ್ಲೇ ಇವೆ. ಸವೆದರೆ ಅಗ್ಗದ ವೈರ್ ಮೊದಲು ಸವೆಯಲಿ ಅಂತಲೇ ಹಾಗೆ ಮಾಡಿದ್ದಾರೆ. ಹಾಗಾಗಿ ಹಳೇ ವೈರ್ ನಂಬಿ ಟ್ಯಾಬ್ ಬಿಚ್ಚಿಸುವುದು ದಂಡ.

ಎರಡೂ ಆದ ಮೇಲೂ ಸರಿಹೋಗದಿದ್ದರೆ ವೈರ್ ಚುಚ್ಚಿ ಮೆಲ್ಲಗೆ ಅಲ್ಲಾಡಿಸುತ್ತಾ ಕಿಂಡಿಯ ಲೋಹದ ಅಂಚನ್ನೇ ನೋಡಿ. ಅಂಚು ವೈರಿನ ಜೊತೆಗೇ ಅಲ್ಲಾಡಿದರೆ ಬೋರ್ಡಿನ ಬೆಸುಗೆ ಬಿಟ್ಟಿದೆ ಅಂತ ಅರ್ಥ. ಅಂಚು ನಿಂತಲ್ಲೇ ನಿಂತು, ಒಳಗಿನ ನಾಲಿಗೆಯಂಥ ಪಟ್ಟಿ ಮಾತ್ರ ಬಾಗುತ್ತಿದ್ದರೆ ಪಿನ್ನೇ ಮುರಿದಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಬೆಸುಗೆ ಸಾಕಾಗಬಹುದು. ಎರಡನೆಯದಕ್ಕೆ ಎಷ್ಟು ಬೆಸುಗೆ ಹಾಕಿದರೂ ಪ್ರಯೋಜನವಿಲ್ಲ, ಪಿನ್ ಬದಲಾಯಿಸಲೇಬೇಕು.

ತಂಗಿಯ ಟ್ಯಾಬಿನಲ್ಲಿ ಕ್ಲೀನ್ ಮಾಡಿದ ಕೂಡಲೇ ಅರ್ಧ ಕಾಯಿಲೆ ವಾಸಿಯಾಯಿತು. ಆದರೆ ಒಂದು ವಿಚಿತ್ರ ಉಳಿಯಿತು: ವೈರನ್ನು ಒಂದು ಮಗ್ಗುಲಿಗೆ ಹಾಕಿದರೆ ಚಾರ್ಜ್, ತಿರುಗಿಸಿ ಹಾಕಿದರೆ ಇಲ್ಲ. ಟೈಪ್-ಸಿಯಲ್ಲಿ ವೈರ್ ಯಾವ ಮಗ್ಗುಲಿಗೆ ಬಂದಿದೆ ಅಂತ ಗುರುತಿಸಲು ಮೇಲೊಂದು ಕೆಳಗೊಂದು ಸಂಪರ್ಕ ಇರುತ್ತದೆ. ಅದರಲ್ಲೊಂದು ಸವೆದರೆ ಹೀಗೆ ಆಗುತ್ತದೆ. ಅಪ್ಪನದರಲ್ಲಿ ಧೂಳು ಅಷ್ಟೇನೂ ಇರಲಿಲ್ಲ. ಲೋಹದ ಅಂಚೇ ಮೇಲೆ ಕೆಳಗೆ ಆಡುತ್ತಿತ್ತು.

ಅಪ್ಪನಿಗೆ ಬಿಚ್ಚಿಸುವುದು ಇಷ್ಟವಿರಲಿಲ್ಲ. ಅದಕ್ಕೆ ಮೊದಲು ಮ್ಯಾಗ್ನೆಟ್ ವೈರ್ ತಂದೆವು. ಸಣ್ಣ ತುದಿಯೊಂದು ಕಿಂಡಿಯಲ್ಲೇ ಕೂತಿರುತ್ತದೆ, ವೈರ್ ಹತ್ತಿರ ತಂದರೆ ಅಂಟಿಕೊಳ್ಳುತ್ತದೆ. ಚುಚ್ಚಿ ತೆಗೆಯುವ ಎಳೆದಾಟ ತಪ್ಪುತ್ತದೆ ನಿಜ. ಆದರೆ ಬಿಟ್ಟಿರುವ ಬೆಸುಗೆ ಅದರ ಹಿಂದೆ ಹಾಗೇ ಇದೆಯಲ್ಲ! ಟ್ಯಾಬ್ ಎತ್ತಿದರೆ ಮತ್ತೆ ಚಾರ್ಜ್ ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಬಿಸಿ. ಅರೆಬರೆ ತಾಗುವ ಜಾಗದಲ್ಲಿ ಅರ್ಧ ಓಮ್ ತಡೆ ಇದೆ ಅಂದುಕೊಳ್ಳಿ. 2 ಆಂಪಿಯರ್ ಹರಿದರೆ 5 ವೋಲ್ಟಿನಲ್ಲಿ 1 ವೋಲ್ಟ್ ಅಲ್ಲೇ ಹೋಗುತ್ತದೆ, ಅಷ್ಟು ಸಣ್ಣ ಜಾಗದಲ್ಲಿ 2 ವ್ಯಾಟ್ ಶಾಖ ಹುಟ್ಟುತ್ತದೆ. ಕೈ ಇಟ್ಟರೆ ಗೊತ್ತಾಗುವಷ್ಟು. ವೈರ್ ಅಲ್ಲಾಡದಂತೆ ಪುಸ್ತಕ ಒತ್ತಿಟ್ಟು ರಾತ್ರಿಯಿಡೀ ಚಾರ್ಜಿಗೆ ಬಿಡುವವರಿಗೂ ಇದೇ ಅಪಾಯ. ಪಿನ್ ಇನ್ನೂ ಗಟ್ಟಿಯಾಗಿರುವ ಟ್ಯಾಬಿಗೆ ಮ್ಯಾಗ್ನೆಟ್ ತುದಿ ಒಳ್ಳೆಯದೇ. ಬಿಟ್ಟುಹೋದದ್ದಕ್ಕೆ ಅದು ಔಷಧಿ ಅಲ್ಲ.

200 ರೂಪಾಯಿಯ ಟಚ್ ಅಪ್ ನಮಗೆ ಆ ಮಳೆಗಾಲ ದಾಟಿಸಿತು, ಅಷ್ಟೇ. ಹಿಂದಿನ ಮುಚ್ಚಳ ತೆಗೆದು, ಪಿನ್ನಿನ ಲೋಹದ ಕಾಲುಗಳ ಮೇಲೆ ಒಂದಿಷ್ಟು ಹೊಸ ಬೆಸುಗೆ ಬಿಟ್ಟರು. ನನ್ನೆದುರಿಗೇ, ಟೀ ಕುಡಿದು ಮುಗಿಸುವಷ್ಟರಲ್ಲಿ ಆಯಿತು. ಯಾಕೆ ಉಳಿಯಲಿಲ್ಲ ಅನ್ನುವುದು ಎರಡನೇ ಅಂಗಡಿಯಲ್ಲಿ ಭೂತಗನ್ನಡಿಯಲ್ಲಿ ನೋಡಿದಾಗ ಗೊತ್ತಾಯಿತು. ಕಾಲುಗಳು ಕಪ್ಪಾಗಿದ್ದವು, ಕಪ್ಪಾದ ಲೋಹಕ್ಕೆ ಬೆಸುಗೆ ಹಿಡಿಯುವುದಿಲ್ಲ. ಮೇಲೆ ಗುಂಡಗೆ ಹೊಳೆಯುತ್ತಿತ್ತು, ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ಒಳಗಿನ ಪಟ್ಟಿಯೂ ಸವೆದಿತ್ತು.

ಹಾಗಂತ ಟಚ್ ಅಪ್ ಯಾವಾಗಲೂ ಮೋಸ ಅಲ್ಲ. ಟ್ಯಾಬ್ ಕೆಳಗೆ ಬಿದ್ದು ಆಗಷ್ಟೇ ಕಾಲು ಬಿಟ್ಟಿದ್ದರೆ, ಪಿನ್ ಹೊಸದರಂತಿದ್ದರೆ, ಹಳೆಯ ಬೆಸುಗೆ ತೆಗೆದು, ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ಹಾಕಿ ಮಾಡಿದರೆ ಅದೇ ಸಾಕು. ವರ್ಷಗಟ್ಟಲೆ ಅಲ್ಲಾಡಿಸಿ ಬಳಸಿದ ಪಿನ್ನಿಗೆ ಮಾತ್ರ ನಾನು ಆ ದುಡ್ಡು ಕೊಡುವುದಿಲ್ಲ.

ಇನ್ನು ಹೊಸ ಪಿನ್. ಬಿ.ಎಂ. ರಸ್ತೆಯ ಹುಡುಗ ಮುಚ್ಚಳ ತೆಗೆದು ನೋಡಿ, ‘ಅಕ್ಕ, ಇದು ಮೇನ್ ಬೋರ್ಡ್ ಮೇಲೇ ಇರೋ ಪಿನ್. ಕಾಲು ತೂತಿನೊಳಗೆ ಇಳಿದಿದೆ, ಹಾಗಾಗಿ ಮಾಡಬಹುದು’ ಅಂದ. ಆ ಮಾತಿನಲ್ಲೇ ಇಡೀ ತೀರ್ಮಾನ ಇದೆ. ಕಾಲುಗಳು ಬೋರ್ಡಿನ ತೂತಿನಲ್ಲಿ ಇಳಿದು ಬೆಸೆದಿದ್ದರೆ ಎಳೆತವನ್ನು ಅವು ತಡೆಯುತ್ತವೆ. ಬರೀ ಮೇಲ್ಮೈಗೆ ಅಂಟಿಸಿದ ಪಿನ್ ಆದರೆ ಅಲ್ಲಾಡಿಸಿ ಅಲ್ಲಾಡಿಸಿ ತಾಮ್ರದ ತೆಳು ಪದರವೇ ಬೋರ್ಡಿನಿಂದ ಎದ್ದು ಬರುತ್ತದೆ.

ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದ. ಅದು ಮಾಡದೆ ಬೆಸುಗೆಯ ಐರನ್ ಕೈಗೆತ್ತಿಕೊಳ್ಳುವವರ ಹತ್ತಿರ ಟ್ಯಾಬ್ ಕೊಡಬೇಡಿ. ಬ್ಯಾಟರಿ ಮತ್ತು ಅಕ್ಕಪಕ್ಕದ ಪ್ಲಾಸ್ಟಿಕ್ಕಿಗೆ ಬಿಸಿ ತಡೆಯುವ ಹಳದಿ ಟೇಪ್ ಅಂಟಿಸಿದ. ಹಳೆಯ ಬೆಸುಗೆಯ ಮೇಲೆ ಸೀಸ ಇರುವ ಬೆಸುಗೆ ಬೆರೆಸಿದ. ಕಂಪನಿಯ ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, ಸೀಸದ್ದು 183ಕ್ಕೇ ಕರಗುತ್ತದೆ. ಎರಡೂ ಬೆರೆತರೆ ಬೋರ್ಡಿಗೆ ತಗಲುವ ಬಿಸಿ ಕಡಿಮೆ. ಆಮೇಲೆ ಬಿಸಿ ಗಾಳಿಯ ಬ್ಲೋವರ್ ಹಿಡಿದು, ಪಿನ್ ತಾನೇ ತೇಲುವ ತನಕ ಕಾದು, ಚಿಮಟದಲ್ಲಿ ಎತ್ತಿದ. ಅವಸರದಲ್ಲಿ ಕಿತ್ತರೆ ಪಿನ್ ಜೊತೆ ತಾಮ್ರವೂ ಬರುತ್ತದೆ, ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಹೊಸ ಪಿನ್ ಹುಡುಕಲು ಹಿಡಿದಷ್ಟು ಹೊತ್ತು ಬೆಸುಗೆಗೆ ಹಿಡಿಯಲಿಲ್ಲ. ಹೊರಗಿನಿಂದ ಎಲ್ಲ ಮೈಕ್ರೊ ಯುಎಸ್‌ಬಿಯೂ ಒಂದೇ. ಬೋರ್ಡಿನ ಕಡೆ ಕಾಲಿನ ಜಾಗ, ಎತ್ತರ, ಬೋರ್ಡಿನೊಳಗೆ ಎಷ್ಟು ಇಳಿದು ಕೂರುತ್ತದೆ ಅನ್ನುವುದು ಎಲ್ಲಾ ಬೇರೆ ಬೇರೆ. ಹಳೆಯದನ್ನು ಡಬ್ಬಿಯಲ್ಲಿದ್ದ ಒಂದೊಂದರ ಪಕ್ಕ ಇಟ್ಟು ಹೊಂದಿಸಿದ. ಸುಮಾರಾಗಿ ಹೊಂದುವುದನ್ನು ಕಾಲು ಬಗ್ಗಿಸಿ ಕೂರಿಸುವವರೂ ಇದ್ದಾರೆ. ಅದು ಮತ್ತೆ ಬಿಡುತ್ತದೆ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಲೇಬೇಕು. ಮೈಕ್ರೊ ಯುಎಸ್‌ಬಿ ಕಿಂಡಿಯೊಳಗೆ 5 ಸಣ್ಣ ಪಿನ್‌ಗಳಿವೆ. ಅದರಲ್ಲಿ ಕರೆಂಟ್ ಹರಿಯುವುದು ಎರಡರಲ್ಲಿ. ಮಧ್ಯದ ಡೇಟಾ ಪಿನ್‌ಗಳು ತಾಗದಿದ್ದರೂ ಪರದೆಯ ಮೇಲೆ ‘ಚಾರ್ಜಿಂಗ್’ ಅಂತ ಬರುತ್ತದೆ, ನಾವು ಖುಷಿಯಾಗಿ ಮನೆಗೆ ಬರುತ್ತೇವೆ. ಆದರೆ ಆ ಪಿನ್‌ಗಳ ಮೂಲಕವೇ ಎಷ್ಟೋ ಟ್ಯಾಬ್‌ಗಳು ಚುಚ್ಚಿರುವುದು ದೊಡ್ಡ ಚಾರ್ಜರ್ ಅಂತ ತಿಳಿದುಕೊಳ್ಳುವುದು. ತಿಳಿಯದಿದ್ದರೆ ಅರ್ಧ ಆಂಪಿಯರ್ ಮಾತ್ರ ಎಳೆಯುತ್ತವೆ. 6000 ಎಂಎಎಚ್ ಬ್ಯಾಟರಿಗೆ ಆ ಲೆಕ್ಕದಲ್ಲಿ 12 ಗಂಟೆಗೂ ಜಾಸ್ತಿ. ಚಾರ್ಜರ್ ಮತ್ತು ವೈರ್ ನಡುವೆ ಹಾಕುವ ಪುಟ್ಟ ಯುಎಸ್‌ಬಿ ಮೀಟರ್ ಅಂಗಡಿಯಲ್ಲೇ ಇತ್ತು. ರಿಪೇರಿಗೆ ಮೊದಲು ವೈರ್ ಅಲ್ಲಾಡಿಸಿದರೆ ಆಂಪಿಯರ್ ಸೊನ್ನೆಗೂ 0.4ಕ್ಕೂ ಕುಣಿಯುತ್ತಿತ್ತು. ಆಮೇಲೆ 1.6ರಲ್ಲಿ ನಿಂತಿತು, ಅಲ್ಲಾಡಿಸಿದರೂ ಕದಲಲಿಲ್ಲ. ಕಂಪ್ಯೂಟರಿಗೆ ಹಾಕಿದಾಗ ಫೋಟೋಗಳೂ ಕಂಡವು, ಅಂದರೆ ಡೇಟಾ ಪಿನ್ನೂ ಸರಿ.

ಟಚ್ ಅಪ್ ಸೋತದ್ದಕ್ಕೆ ಇದನ್ನು ಹೋಲಿಸಿದರೆ 500 ರೂಪಾಯಿ ಹೆಚ್ಚು. ಟ್ಯಾಬ್ ಮಾರಿದರೆ 3000 ಬರಬಹುದು, ಬ್ಯಾಟರಿ ಇನ್ನೂ ಒಂದು ದಿನ ಬರುತ್ತಿದೆ. ನನ್ನ ಮಟ್ಟಿಗೆ ಇದು ಸರಿಯಾದ ಖರ್ಚು. ಬ್ಯಾಟರಿ ಉಬ್ಬಿದ್ದರೆ, ಅಥವಾ ನೀರು ಬಿದ್ದು ಬೋರ್ಡ್ ಹಸಿರುಗಟ್ಟಿದ್ದರೆ ಮಾಡಿಸುತ್ತಿರಲಿಲ್ಲ.

ತಂಗಿಯ ಟ್ಯಾಬಿನ ಕಥೆ ಸುಲಭದ್ದು. ಬಿಚ್ಚಿ ನೋಡಿದರೆ ಅದರ ಪಿನ್ ಮೇನ್ ಬೋರ್ಡಿನ ಮೇಲೆ ಇಲ್ಲವೇ ಇಲ್ಲ. ಕೆಳಗೆ ಒಂದು ಪುಟ್ಟ ಬೇರೆ ಬೋರ್ಡ್, ಅಂಗಡಿಯವರು ಅದನ್ನು ಸಿಸಿ ಬೋರ್ಡ್ ಅನ್ನುತ್ತಾರೆ. ಚಪ್ಪಟೆ ರಿಬ್ಬನ್ ವೈರಿನಿಂದ ಅದು ಮೇನ್ ಬೋರ್ಡಿಗೆ ಸೇರಿಕೊಂಡಿರುತ್ತದೆ. ಸ್ಕ್ರೂ ಬಿಚ್ಚಿ, ಹಳೆಯದು ತೆಗೆದು ಹೊಸದು ಕೂರಿಸಿದರೆ ಮುಗಿಯಿತು, ಬೆಸುಗೆಯ ಮಾತೇ ಇಲ್ಲ. ಬೋರ್ಡ್ ತರಿಸಿ ಹಾಕಿದ್ದಕ್ಕೆ 850 ಆಯಿತು. ಇಂಥದ್ದಕ್ಕೂ ಹಳೇ ಬೋರ್ಡಿಗೇ ಹೊಸ ಪಿನ್ ಬೆಸೆದು ಕೊಡ್ತೀನಿ ಅಂದವರಿದ್ದರು, 200 ರೂಪಾಯಿ ಕಡಿಮೆಗೆ. ಟೈಪ್-ಸಿಯ ಸಣ್ಣ ಪಿನ್‌ಗಳು ಒತ್ತೊತ್ತಾಗಿ ಇರುತ್ತವೆ, ಕೆಲವದರಲ್ಲಿ ಎರಡನೇ ಸಾಲು ಲೋಹದ ಕವಚದ ಅಡಿಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಬೋರ್ಡೇ ಸಿಗುವಾಗ ಆ ಸಾಹಸ ಸುಮ್ನೆ. ಆದರೆ ಮಾದರಿ ಸಂಖ್ಯೆ ಪೂರ್ತಿ ಹೊಂದಬೇಕು. ಸಿಮ್ ಇರುವ ಮತ್ತು ಬರೀ ವೈಫೈ ಇರುವ ಟ್ಯಾಬ್‌ಗಳ ಸಿಸಿ ಬೋರ್ಡ್ ಎಷ್ಟೋ ಸಲ ಬೇರೆ.

ಟೈಪ್-ಸಿ ಪಿನ್ ಮೇನ್ ಬೋರ್ಡಿನ ಮೇಲೇ ಇದ್ದರೆ? ಆಗ ಮೈಕ್ರೋಸ್ಕೋಪ್ ಇಟ್ಟುಕೊಂಡವರಿಗೇ ಕೊಡಬೇಕು. ಹಾಸನದಲ್ಲಿ ಆ ಹುಡುಗನೇ ‘ಬೇಕಿದ್ರೆ ಮಾಡ್ತೀನಿ, ಆದರೆ ಗ್ಯಾರಂಟಿ ಕೊಡಲ್ಲ ಅಕ್ಕ’ ಅಂದ. ನನಗಾದರೆ ಅಂಥ ಟ್ಯಾಬನ್ನು ಬೆಂಗಳೂರಿಗೆ ಹೋಗುವಾಗ ಎಸ್.ಪಿ. ರಸ್ತೆಯ ಕಡೆ ತೋರಿಸಿ, ಬಿಚ್ಚುವ ಮೊದಲೇ ರೇಟು ಕೇಳಿ, ಆಮೇಲೆ ಯೋಚಿಸುತ್ತೇನೆ.