ಮೂರು ವರ್ಷ ದಾಟಿದ ಡ್ರಿಪ್ ಕಾಫಿ ಮೇಕರ್: ಬೋರ್‌ವೆಲ್ ನೀರು, ನಿಂಬೆ ಉಪ್ಪು, ಸಪ್ಪೆ ಡಿಕಾಕ್ಷನ್

ಕೊಂಡ ವಾರಕ್ಕೇ ಬರೆದ ವಿಮರ್ಶೆಯಲ್ಲಿ ಯಾವ ಕಾಫಿ ಮೇಕರ್ ಆದರೂ ಚೆನ್ನಾಗಿಯೇ ಇರುತ್ತದೆ. ನಮ್ಮದು ಮೂರು ವರ್ಷ ದಾಟಿದೆ. 600 ವ್ಯಾಟಿನ ಸಾಮಾನ್ಯ ಡ್ರಿಪ್ ಯಂತ್ರ. ಹಿಂದೆ ನೀರಿನ ಟ್ಯಾಂಕ್, ಮೇಲೆ ಪುಡಿ ಹಾಕುವ ಜಾಲರಿ, ಕೆಳಗೆ ಬಿಸಿ ತಟ್ಟೆ, ಅದರ ಮೇಲೊಂದು ಗಾಜಿನ ಜಗ್. ಇಂಥದ್ದನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ಒಳಗಿನ ಕೆಲಸ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬ್ರ್ಯಾಂಡ್ ಹೆಸರು ಇಲ್ಲಿ ಬೇಕಿಲ್ಲ. ಬೇಕಾಗಿರುವುದು ನಾವು ಹಾಕುವ ನೀರಿನ ವಿಚಾರ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟು, ಬೋರ್‌ವೆಲ್ ಜೊತೆಗೆ ಟ್ಯಾಂಕರ್. ಕಾವೇರಿ ಪೈಪು ಇನ್ನೂ ಬಂದಿಲ್ಲ.

ಹೊಸದರಲ್ಲಿ 600 ಮಿಲಿ ನೀರು ಎಂಟು ನಿಮಿಷದೊಳಗೆ ಇಳಿಯುತ್ತಿತ್ತು. ಅಷ್ಟು ನೀರನ್ನು 25 ಡಿಗ್ರಿಯಿಂದ 95ಕ್ಕೆ ಏರಿಸಲು 600 ವ್ಯಾಟಿಗೆ ಲೆಕ್ಕದ ಪ್ರಕಾರವೇ ಐದು ನಿಮಿಷ ಬೇಕು. ಆವಿಯಲ್ಲಿ, ತಟ್ಟೆಯಲ್ಲಿ ಸೋರುವ ಶಾಖವನ್ನೂ ಸೇರಿಸಿಕೊಂಡರೆ ಎಂಟು ನಿಮಿಷ ನ್ಯಾಯವಾದದ್ದೇ. ಎರಡನೇ ವರ್ಷದ ಹೊತ್ತಿಗೆ ಅದು ಹದಿನೈದಕ್ಕೆ ಬಂತು. ನೀರು ಒಂದೇ ಸಮನೆ ಇಳಿಯುವ ಬದಲು ಒಮ್ಮೆ ಬುಸ್ಸೆಂದು ಉಗುಳಿ, ಸುಮ್ಮನಾಗಿ, ಮತ್ತೆ ಉಗುಳುತ್ತಿತ್ತು. ಡಿಕಾಕ್ಷನ್ ಸಪ್ಪೆಯಾಯಿತು. ಚಿಕ್ಕಮಗಳೂರಿನ ಅದೇ ಪುಡಿ, ಅದೇ ಅಳತೆ. ಆದರೂ ಅಮ್ಮ ಒಂದು ಗುಟುಕು ಕುಡಿದು, "ಪುಡಿ ಅಂಗಡಿಯವನು ಚಿಕೋರಿ ಜಾಸ್ತಿ ಮಾಡಿದಾನೆ ಕಣೋ" ಎಂದರು. ಪಾಪ, ಅಂಗಡಿಯವನದು ಏನೂ ತಪ್ಪಿರಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಹೀಟರ್ ಬದಲಿಸಬೇಕು ಎಂದರು, ಹೇಳಿದ ಬೆಲೆ ಯಂತ್ರದ ಅರ್ಧ. ಮುಚ್ಚಳ ಬಿಚ್ಚಿ ಒಳಗೆ ನೋಡಿದವರು ಯಾರೂ ಇರಲಿಲ್ಲ. ಹಾಗಾಗಿ ವಾಪಸ್ ತಂದೆ.

ಈ ಯಂತ್ರಗಳಲ್ಲಿ ಪಂಪ್ ಇರುವುದಿಲ್ಲ. ಟ್ಯಾಂಕಿನ ತಳದಿಂದ ಹೊರಟ ನೀರು ಒಂದು ಪುಟ್ಟ ಕವಾಟ ದಾಟಿ, ಬಿಸಿ ತಟ್ಟೆಯ ಅಡಿಯಲ್ಲಿ ಯು ಆಕಾರಕ್ಕೆ ಬಾಗಿರುವ ಅಲ್ಯೂಮಿನಿಯಂ ಕೊಳವೆಗೆ ಹೋಗುತ್ತದೆ. ಹೀಟರ್ ಆ ಕೊಳವೆಗೆ ಅಂಟಿಕೊಂಡೇ ಇರುತ್ತದೆ. ನೀರು ಕುದಿದಾಗ ಹುಟ್ಟುವ ಆವಿಯ ಗುಳ್ಳೆಗಳೇ ಬಿಸಿನೀರನ್ನು ಮೇಲಕ್ಕೆ ತಳ್ಳುತ್ತವೆ, ಕವಾಟ ಅದನ್ನು ಹಿಂದಕ್ಕೆ ಬರಲು ಬಿಡುವುದಿಲ್ಲ. ನಮ್ಮ ಉಪ್ಪುನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿಯಾದರೆ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ, ಎಂದರೆ ಸುಣ್ಣದ ಕಲ್ಲು. ಅದು ಕಟ್ಟುವುದು ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ಆ ಕೊಳವೆಯ ಒಳಗೋಡೆಯಲ್ಲಿ. ದಾರಿ ಕಿರಿದಾಗುತ್ತದೆ. ಲೋಹದ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ, ಹಾಗಾಗಿ ಹೀಟರ್ ಬೇಗ ಕಾದು ಥರ್ಮೋಸ್ಟಾಟ್ ನಡುನಡುವೆ ಕರೆಂಟ್ ಕಡಿಯುತ್ತದೆ. ಉಗುಳುವುದು, ನಿಲ್ಲುವುದು ಇದರಿಂದಲೇ. ತಡೆತಡೆದು ಏರುವ ನೀರು ಪುಡಿ ಮುಟ್ಟುವಷ್ಟರಲ್ಲಿ ಆರಿರುತ್ತದೆ. ಅಡುಗೆ ಥರ್ಮಾಮೀಟರನ್ನು ಜಾಲರಿಯಲ್ಲಿಟ್ಟು ನೋಡಿದಾಗ 84 ಡಿಗ್ರಿ ತೋರಿಸಿತು. ಕಾಫಿಯ ಸಾರ ಸರಿಯಾಗಿ ಇಳಿಯಲು 92ರಿಂದ 96 ಇರಬೇಕು.

ಸುಣ್ಣ ಬಿಡಿಸಲು ನಾನು ಬಳಸುವುದು ನಿಂಬೆ ಉಪ್ಪು. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಪೊಟ್ಟಣದ ಮೇಲೆ ಸಿಟ್ರಿಕ್ ಆಸಿಡ್ ಎಂದು ಬರೆದಿರುವುದನ್ನು ನೋಡಿಕೊಳ್ಳಿ. ಒಂದು ಟ್ಯಾಂಕಿಗೆ, ಅಂದರೆ 600 ಮಿಲಿ ಉಗುರುಬೆಚ್ಚಗಿನ ನೀರಿಗೆ, ಮಟ್ಟವಾಗಿ ತುಂಬಿದ ಮೂರು ಟೀ ಚಮಚ, ಸುಮಾರು 15 ಗ್ರಾಂ. ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಹರಳು ಪೂರ್ತಿ ಕರಗುವವರೆಗೆ ಕಲಕಿ, ಆಮೇಲೆ ಟ್ಯಾಂಕಿಗೆ ಸುರಿಯಬೇಕು. ಒಣಪುಡಿಯನ್ನೇ ಟ್ಯಾಂಕಿಗೆ ಹಾಕಿದರೆ ತಳದ ಕವಾಟದ ಬಳಿ ಕೂತುಬಿಡುತ್ತದೆ.

ಜಾಲರಿ ಖಾಲಿಯಿರಲಿ. ಸ್ವಿಚ್ ಹಾಕಿ, ಮೂರನೇ ಒಂದು ಭಾಗ ಜಗ್ಗಿಗೆ ಇಳಿದ ಕೂಡಲೇ ಆರಿಸಿ. ಈಗ ಕೊಳವೆಯಲ್ಲಿ ಬಿಸಿ ಹುಳಿನೀರು ನಿಂತಿರುತ್ತದೆ. ಅದನ್ನು 20 ನಿಮಿಷ ಅಲ್ಲೇ ಬಿಡಿ, ಕೆಲಸ ನಡೆಯುವುದು ಆಗಲೇ. ಕಿವಿಗೊಟ್ಟರೆ ಸಣ್ಣಗೆ ಸುಸ್ ಎನ್ನುವುದು ಕೇಳಿಸುತ್ತದೆ, ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುವ ಸದ್ದು. ಮತ್ತೆ ಸ್ವಿಚ್ ಹಾಕಿ ಇನ್ನೊಂದು ಭಾಗ ಇಳಿಸಿ, ಮತ್ತೆ ಕಾಯಿರಿ, ಕೊನೆಗೆ ಪೂರ್ತಿ ಇಳಿಸಿ. ಜಗ್ಗಿನಲ್ಲಿ ಬಿಳಿ ಚಕ್ಕೆ, ಮಾಸಲು ನೀರು ಬರುತ್ತದೆ. ಅದೇ ದ್ರಾವಣವನ್ನು ಎರಡನೇ ಸಲ ಬಳಸುವುದಾದರೆ ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲವಾದರೆ ಚಕ್ಕೆಯೇ ಕವಾಟಕ್ಕೆ ಅಡ್ಡ ಕೂರುತ್ತದೆ.

ದ್ರಾವಣದಲ್ಲಿ ಇನ್ನೂ ಶಕ್ತಿ ಇದೆಯೇ ಎಂದು ತಿಳಿಯುವುದು ಸುಲಭ. ಉದುರಿದ ಒಂದು ಚಕ್ಕೆಯನ್ನು ಅದಕ್ಕೇ ಹಾಕಿ ನೋಡಿ. ನೊರೆ ಬಂದರೆ ಹುಳಿ ಉಳಿದಿದೆ. 15 ಗ್ರಾಂ ನಿಂಬೆ ಉಪ್ಪು ಹೆಚ್ಚೆಂದರೆ ಹತ್ತು ಹನ್ನೊಂದು ಗ್ರಾಂ ಸುಣ್ಣವನ್ನಷ್ಟೇ ಕರಗಿಸಬಲ್ಲದು. ಎರಡು ವರ್ಷ ಮುಟ್ಟದೇ ಬಿಟ್ಟ ಯಂತ್ರಕ್ಕೆ ಒಂದು ಸುತ್ತು ಸಾಲದಿದ್ದರೆ ಆಶ್ಚರ್ಯವಿಲ್ಲ. ನಮ್ಮದಕ್ಕೆ ಮೊದಲ ಸಲ ಹೊಸ ದ್ರಾವಣದಲ್ಲಿ ಇನ್ನೊಂದು ಸುತ್ತು ಬೇಕಾಯಿತು. ಹಾಗೆಂದು ಒಂದೇ ಏಟಿಗೆ ಮುಗಿಯಲಿ ಎಂದು ಪುಡಿ ದುಪ್ಪಟ್ಟು ಮಾಡಿ ಕುದಿಸಬೇಡಿ. ಸುಣ್ಣ ಮತ್ತು ನಿಂಬೆ ಉಪ್ಪು ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ, ಬಿಳಿ ಹಿಟ್ಟಾಗಿ ಅಲ್ಲೇ ಕೂತು ಹೊಸ ತೊಂದರೆ ತರುತ್ತದೆ. ರಾತ್ರಿಯಿಡೀ ನೆನೆಹಾಕುವುದೂ ಬೇಡ. ಸುಣ್ಣ ಮುಗಿದ ಮೇಲೆ ಹುಳಿ ತಿನ್ನುವುದು ಅಲ್ಯೂಮಿನಿಯಂ ಕೊಳವೆಯನ್ನೇ. ಕೊನೆಗೆ ಬರೀ ನೀರನ್ನು ಎರಡು ಮೂರು ಟ್ಯಾಂಕ್ ಇಳಿಸಿ, ಕೊನೆಯ ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿ. ಹುಳಿ ಇರಬಾರದು.

ವಿನೆಗರ್ ಕೂಡ ಕೆಲಸ ಮಾಡುತ್ತದೆ. ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಸಾಮಾನ್ಯವಾಗಿ ನಾಲ್ಕೈದು ಶೇಕಡಾ ಅಸಿಟಿಕ್ ಆಸಿಡ್ ಇರುತ್ತದೆ, ಸಮಪಾಲು ನೀರು ಬೆರೆಸಿ ಮೇಲಿನ ಹಾಗೆಯೇ ಇಳಿಸಿದರೆ ಸಾಕು. ಆದರೆ ಬಿಸಿಯಾದಾಗ ಬರುವ ಘಾಟು ಕಣ್ಣಿಗೂ ಗಂಟಲಿಗೂ ಹಿಡಿಯುತ್ತದೆ, ಕಿಟಕಿ ತೆರೆದಿರಬೇಕು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಯಂತ್ರದೊಳಗಿನ ರಬ್ಬರ್, ಸಿಲಿಕೋನ್ ಕೊಳವೆಗಳಿಗೆ ವಾಸನೆ ಅಂಟಿಕೊಳ್ಳುವುದು. ಭಾವನ ಮನೆಯಲ್ಲಿ ಹಾಗೆ ಮಾಡಿ ಒಂದು ವಾರ ಕಾಫಿಯಲ್ಲಿ ಉಪ್ಪಿನಕಾಯಿಯ ವಾಸನೆ ಬಂತು. ನಿಂಬೆಹಣ್ಣು, ಹುಣಸೆಹಣ್ಣು ಹಿತ್ತಾಳೆ ಪಾತ್ರೆಗೆ ಸರಿ, ಇದಕ್ಕಲ್ಲ. ಅವುಗಳ ತಿರುಳು ಕವಾಟದಲ್ಲಿ ಸಿಕ್ಕಿಕೊಳ್ಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಕುಡಿಯುವ ಪಾತ್ರೆಯ ಹತ್ತಿರವೂ ಬರಬಾರದು, ಅದು ಅಲ್ಯೂಮಿನಿಯಂ, ಸ್ಟೀಲ್ ಎರಡನ್ನೂ ತಿನ್ನುತ್ತದೆ. ಇನ್ನು ಯಾವ ಹುಳಿಯ ಜೊತೆಗೂ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವ ಸೇರಿಸಬೇಡಿ, ಕ್ಲೋರಿನ್ ವಿಷಾನಿಲ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಯಂತ್ರ ಮತ್ತೆ ಎಂಟೂವರೆ ನಿಮಿಷಕ್ಕೆ ಬಂತು, ಜಾಲರಿಯಲ್ಲಿ 92 ಡಿಗ್ರಿ. ಡಿಕಾಕ್ಷನ್ ಗಟ್ಟಿಯಾಯಿತು. ಆದರೆ ಸಪ್ಪೆತನ ಅರ್ಧ ಮಾತ್ರ ಹೋಯಿತು. ಹಾಲು ಸಕ್ಕರೆ ಹಾಕಿದರೆ ಗೊತ್ತಾಗುವುದಿಲ್ಲ. ಡಿಕಾಕ್ಷನ್‌ಗೆ ಬರೀ ಬಿಸಿನೀರು ಬೆರೆಸಿ ಕುಡಿದರೆ ಗೊತ್ತಾಗುತ್ತದೆ, ಕಹಿ ಇದೆ, ಆದರೆ ಅರೇಬಿಕಾ ಬೀಜದ ಆ ಚುರುಕು ಹುಳಿ ಇಲ್ಲ.

ಉಳಿದರ್ಧ ನೀರಿನದು. ಸುಣ್ಣ ಕಟ್ಟಿಸುವ ಬೈಕಾರ್ಬನೇಟೇ ಕಾಫಿಯ ಹುಳಿಗಳನ್ನೂ ಕೊಲ್ಲುತ್ತದೆ. ಯಂತ್ರ ಎಷ್ಟೇ ಸ್ವಚ್ಛವಿರಲಿ, ಅಂಥ ನೀರು ಹಾಕಿದರೆ ರುಚಿ ಮಂಕಾಗಿಯೇ ಇರುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಮೇಲೆ ಸಾಫ್ಟ್‌ನರ್ ಹಾಕಿಸಿದರು. ಸುಣ್ಣ ಕಟ್ಟುವುದು ಬಹುತೇಕ ನಿಂತಿತು, ಕಾಫಿ ಮಾತ್ರ ಹಾಗೆಯೇ ಉಳಿಯಿತು. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ, ಬೈಕಾರ್ಬನೇಟನ್ನು ಮುಟ್ಟುವುದೇ ಇಲ್ಲ. ಟಿಡಿಎಸ್ ಮೀಟರ್ ಕೂಡ ಇದನ್ನು ಹೇಳುವುದಿಲ್ಲ, ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ಲೆಕ್ಕ ಹಾಕುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಿತ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಬಿಡುತ್ತಾರೆ. ಕುಡಿಯಲು ಅಡ್ಡಿಯಿಲ್ಲದ ನೀರು ಕಾಫಿಗೂ ಒಳ್ಳೆಯದು ಎಂದೇನಿಲ್ಲ.

ನಮಗೆ ಒಗ್ಗಿದ್ದು ಆರ್‌ಓ ನೀರು ಮತ್ತು ನಲ್ಲಿ ನೀರನ್ನು ಸಮಪಾಲು ಬೆರೆಸುವುದು. ಪೂರ್ತಿ ಆರ್‌ಓ ಹಾಕಿದರೆ ಹುಳಿ ಚೂಪಾಗಿ, ಕಾಫಿ ತೆಳುವೆನಿಸುತ್ತದೆ. ಆರ್‌ಓ ಇಲ್ಲದವರಿಗೆ ಹಳೇ ಉಪಾಯವಿದೆ. ಬೋರ್‌ವೆಲ್ ನೀರನ್ನು ಅಗಲ ಪಾತ್ರೆಯಲ್ಲಿ ಐದಾರು ನಿಮಿಷ ಕುದಿಸಿ, ಆರಲು ಬಿಟ್ಟು, ತಳ ಕಲಕದಂತೆ ಮೇಲಿನ ತಿಳಿಯನ್ನು ಬಸಿದುಕೊಳ್ಳುವುದು. ಸುಣ್ಣ ಪಾತ್ರೆಯಲ್ಲೇ ಉಳಿಯುತ್ತದೆ, ಜೊತೆಗೆ ಬೈಕಾರ್ಬನೇಟ್ ಕೂಡ ಇಳಿಯುತ್ತದೆ. ಇದು ಸಾಫ್ಟ್‌ನರ್ ದಾಟಿದ ನೀರಿಗೆ ನಡೆಯುವುದಿಲ್ಲ, ಕೆಳಗೆ ಕೂರಲು ಅಲ್ಲಿ ಕ್ಯಾಲ್ಸಿಯಂ ಉಳಿದಿರುವುದಿಲ್ಲ.

ಇನ್ನೊಂದು ವಿಚಾರ. ಜಾಲರಿಗೆ, ಜಗ್ಗಿಗೆ ಅಂಟುವ ಕಂದು ಜಿಡ್ಡು ಕಾಫಿಯ ಎಣ್ಣೆ. ಅದು ಹುಳಿಗೆ ಬಗ್ಗುವುದಿಲ್ಲ, ಪಾತ್ರೆ ಸೋಪು ಮತ್ತು ಬಿಸಿನೀರೇ ಬೇಕು. ಹಳೆಯ ಜಿಡ್ಡಿನಿಂದ ಬರುವುದು ಕಮಟು ವಾಸನೆ, ಸಪ್ಪೆತನವಲ್ಲ.

ಮನೆಯ ಸ್ಟೀಲ್ ಕೆಟಲ್‌ಗೂ ಇದೇ ನಿಂಬೆ ಉಪ್ಪು, ಲೀಟರಿಗೆ 25 ಗ್ರಾಂ. ಸುಣ್ಣದ ಗುರುತಿನ ಮೇಲಕ್ಕೆ ಬರುವಷ್ಟು ನೀರು ಬಿಸಿ ಮಾಡಿ, ಸ್ವಿಚ್ ಆರಿಸಿ, ಬುಡದಿಂದ ಎತ್ತಿಟ್ಟು, ಆಮೇಲೆ ಪುಡಿ ಸ್ವಲ್ಪಸ್ವಲ್ಪವಾಗಿ ಹಾಕಿ. ಕುದಿಯುತ್ತಿರುವಾಗಲೇ ಹಾಕಿದರೆ ನೊರೆ ಉಕ್ಕಿ ಕೈಗೆ ಬೀಳುತ್ತದೆ. ಅರ್ಧ ಗಂಟೆ ಬಿಟ್ಟರೆ ಬ್ರಷ್ ಬೇಕಾಗುವುದಿಲ್ಲ. ಸ್ಟೀಲ್ ನಾರಿನಿಂದ ಉಜ್ಜಿದರೆ ಗೀರು ಬೀಳುತ್ತದೆ, ಮುಂದಿನ ಸಲ ಸುಣ್ಣ ಅಲ್ಲೇ ಮೊದಲು ಹಿಡಿಯುತ್ತದೆ. ಕೆಟಲ್‌ನ ಬುಡವನ್ನು ನೀರಿನಲ್ಲಿ ಮುಳುಗಿಸಬಾರದು ಎಂದು ಬೇರೆ ಹೇಳಬೇಕಿಲ್ಲ.

ಎರಡು ಸುತ್ತು ಹುಳಿ ಹಾಕಿದರೂ ಯಂತ್ರ ಉಗುಳುವುದು ನಿಲ್ಲಿಸದಿದ್ದರೆ ಎರಡು ಅನುಮಾನ. ಕವಾಟದಲ್ಲಿ ಚಕ್ಕೆ ಸಿಕ್ಕಿರಬಹುದು. ಅಥವಾ ಕಟ್ಟಿರುವುದು ಕ್ಯಾಲ್ಸಿಯಂ ಸಲ್ಫೇಟ್, ಸಿಲಿಕಾ ಇರಬಹುದು, ಅವು ನಿಂಬೆ ಉಪ್ಪಿಗೆ ನೊರೆಯೂ ಕೊಡುವುದಿಲ್ಲ, ಕರಗುವುದೂ ಇಲ್ಲ. ದೀಪ ಉರಿದೂ ತಟ್ಟೆ ಬಿಸಿಯೇ ಆಗದಿದ್ದರೆ ಒಳಗಿನ ಥರ್ಮಲ್ ಫ್ಯೂಸ್ ಹೋಗಿರುವ ಸಾಧ್ಯತೆ ಹೆಚ್ಚು. ಅದು ಎಲೆಕ್ಟ್ರಿಷಿಯನ್ ಕೆಲಸ. ಫ್ಯೂಸ್ ಬಿಟ್ಟು ತಂತಿ ನೇರ ಸೇರಿಸಿ ಕೊಡುವವರಿದ್ದಾರೆ, ಒಪ್ಪಬೇಡಿ, ಬೆಂಕಿ ತಡೆಯಲು ಇರುವುದೇ ಅದು.

ಈಗ ಬೆರಕೆ ನೀರಿನಲ್ಲಿ ಮೂರು ತಿಂಗಳಿಗೊಮ್ಮೆ ಹುಳಿ ಇಳಿಸುತ್ತೇವೆ. ಬರೀ ಬೋರ್‌ವೆಲ್ ನೀರಾದರೆ ತಿಂಗಳಿಗೊಮ್ಮೆ ಬೇಕಾಗುತ್ತಿತ್ತು. ದಿನ ಎಣಿಸುವುದಕ್ಕಿಂತ ಗಡಿಯಾರ ನೋಡುವುದು ಸರಿ, ಹತ್ತು ನಿಮಿಷ ದಾಟಿದರೆ ಹುಳಿಯ ಸಮಯ. ಯಂತ್ರಕ್ಕೆ ಐದರಲ್ಲಿ ಮೂರೂವರೆ. ಬಿಸಿ ತಟ್ಟೆಯ ಲೇಪ ಸುಲಿದಿದೆ, ಜಗ್ಗಿನ ಮುಚ್ಚಳದ ಕೀಲು ಮುರಿದಿದೆ, ಬಿಡಿಭಾಗ ಸಿಗುತ್ತಿಲ್ಲ. ಸುಣ್ಣದ ತೊಂದರೆಗೆ ಅಂಕ ಕಳೆದಿಲ್ಲ, ಆದರೆ ಕೈಪಿಡಿಯಲ್ಲಿ ಅದರ ಬಗ್ಗೆ ಒಂದೇ ಒಂದು ಸಾಲು ಇರುವುದಕ್ಕೆ ಅರ್ಧ ಕಳೆದಿದ್ದೇನೆ.