ಪೌಚ್ ಮಾಡಿಸುವವರೇ, "90 ಮೈಕ್ರಾನ್" ಅನ್ನೋ ಮಾತಿಗೆ ದುಡ್ಡು ಕೊಡಬೇಡಿ

ಮನೆಯಲ್ಲಿ ಚಟ್ನಿಪುಡಿ, ಚಕ್ಕುಲಿ, ಉಂಡೆ ಮಾಡಿ ಅಂಗಡಿಗೆ ಹಾಕುವವರು ದಯವಿಟ್ಟು ಪೂರ್ತಿ ಓದಿ. ಪೌಚ್ ಏಜೆಂಟ್ ಒಬ್ಬ ನನಗೆ ಟೋಪಿ ಹಾಕಿದ್ದಾನೆ. ಹೇಗೆ ಹಾಕಿದ ಅಂತ ಬರೀತೀನಿ. ಇದೇ ಆಟವನ್ನು ನಿಮ್ಮ ಹತ್ತಿರವೂ ಆಡುತ್ತಾರೆ.

ನಮ್ಮದು ಹುಬ್ಬಳ್ಳಿ. ಶೇಂಗಾ ಚಟ್ನಿಪುಡಿ, 200 ಗ್ರಾಂ ಪ್ಯಾಕೆಟ್. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಹುರಿದು ಕುಟ್ಟಿದ ಮೇಲೆ ಆ ಎಣ್ಣೆಗೆ ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ. ಬೆಳಕು ಬಿದ್ದರೆ ಇನ್ನೂ ಬೇಗ. ಅದಕ್ಕೇ ಒಟ್ಟು 90 ಮೈಕ್ರಾನ್ ದಪ್ಪದ, ಮೂರು ಪದರದ ಪೌಚ್ ಕೇಳಿದ್ದೆ. ಹೊರಗೆ ಪ್ರಿಂಟ್ ಇರುವ ಪೆಟ್ ಪ್ಲಾಸ್ಟಿಕ್, ನಡುವೆ ಲೋಹದ ತೆಳು ಲೇಪ ಇರುವ ಬೆಳ್ಳಿ ಹೊಳಪಿನ ಮೆಟಲೈಸ್ಡ್ ಪೆಟ್, ಒಳಗೆ ಸೀಲ್ ಆಗುವ ಪಾಲಿಥೀನ್, ಅಂದರೆ ಪಾಲಿ. ಏಜೆಂಟ್ ಸ್ಯಾಂಪಲ್ ಕೊಟ್ಟ. ಒಳಗೆ ಬೆಳ್ಳಿ ಬಣ್ಣ, ಕೈಗೆ ಗಟ್ಟಿ. ಅದರಲ್ಲಿ ಪುಡಿ ತುಂಬಿಟ್ಟೆ, ಚೆನ್ನಾಗಿಯೇ ಉಳಿಯಿತು. ಬೇರೆಯವರು ಪೌಚಿಗೆ 4.60 ಹೇಳಿದ್ದರು, ಇವನು 4.10 ಅಂದ. ಹತ್ತು ಸಾವಿರಕ್ಕೆ ಆರ್ಡರ್ ಕೊಟ್ಟೆ.

ಬಂದ ಮಾಲು ನೋಡೋಕೆ ಭಾರೀ ಚಂದ. ಕಡುಗೆಂಪು ಬಣ್ಣ, ಜಿಪ್, ಕೆಳಗೆ ನಿಲ್ಲುವ ಬುಡ. ಆದರೆ ಒಳಗೆ ಬೆಳ್ಳಿ ಬಣ್ಣ ಇಲ್ಲ, ಹಾಲಿನಂಥ ಬಿಳಿ. ಕೂಡಲೇ ಫೋನ್ ಮಾಡಿದೆ.

"ಅಕ್ಕಾರ, ಬೆಳ್ಳಿ ಪದರ ಒಳಗ ಐತ್ರೀ. ಅದರ ಮ್ಯಾಲೆ ವೈಟ್ ಪಾಲಿ ಕೊಟ್ಟೇವಿ. ಇದು ಇನ್ನೂ ಛಲೋ, ನೀವ ನೋಡ್ರಿ."

ಎರಡು ಪದರದ ನಡುವೆ ಏನಿದೆ ಅಂತ ಕಣ್ಣಿಗೆ ಕಾಣುತ್ತಾ? ಬಿಳಿ ಪಾಲಿ ಹಾಕಿದ್ದೇ ಅದಕ್ಕೆ. ಬಿಳಿ ಪಾಲಿ ಹಾಕಿದ್ದೇ ಮುಚ್ಚಿಡೋಕೆ!

ಆ ಪೌಚಿನಲ್ಲೇ ಪುಡಿ ತುಂಬಿ ಅಂಗಡಿಗಳಿಗೆ ಹಾಕಿ ಒಂದೂವರೆ ತಿಂಗಳಾಗಿತ್ತು. ಪ್ಯಾಕೆಟ್ ಮೇಲೆ ಮೂರು ತಿಂಗಳು ಬಾಳಿಕೆ ಅಂತ ಹಾಕಿದ್ದೆವು. ಕಿರಾಣಿ ಅಂಗಡಿಯವರು ಕರೆಸಿ, ನಾಲ್ಕು ಜನ ಗಿರಾಕಿಗಳು ನಿಂತಿದ್ದ ಹಾಗೇ ಒಂದು ಪ್ಯಾಕೆಟ್ ಹರಿದು ನನ್ನ ಮೂಗಿಗೆ ಹಿಡಿದರು. ಹಳೇ ಕೊಬ್ಬರಿ ಎಣ್ಣೆ ಡಬ್ಬಿ ತೆಗೆದಂಥ ಕಮಟು. "ಏನಕ್ಕಾ, ಹೋದ ವರ್ಷದ ಶೇಂಗಾನಾ?" ಅಂತ ಒಬ್ಬರು ನಕ್ಕರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆ ಅಂಗಡಿಯ ಮಾಲೆಲ್ಲ ವಾಪಸ್ ತಂದೆ. ಆಮೇಲೆ ಉಳಿದ ಅಂಗಡಿಗಳದ್ದೂ.

ಆ ರಾತ್ರಿ ಖಾಲಿ ಪೌಚ್ ಒಂದರ ಒಳಗೆ ಮೊಬೈಲ್ ಟಾರ್ಚ್ ಹಾಕಿ, ದೀಪ ಆರಿಸಿ ನೋಡಿದೆ. ಪೌಚ್ ದೀಪಾವಳಿಯ ಆಕಾಶಬುಟ್ಟಿ ಥರ ಬೆಳಗಿತು! ನಮ್ಮ ಹೆಸರಿನ ಅಕ್ಷರ, ಮೆಣಸಿನಕಾಯಿ ಚಿತ್ರ, ಎಲ್ಲಾ ಫಳಫಳ. ಡ್ರಾಯರ್‌ನಲ್ಲಿ ಉಳಿದಿದ್ದ ಸ್ಯಾಂಪಲ್ ಪೌಚಿಗೆ ಅದೇ ಟಾರ್ಚ್ ಹಾಕಿದೆ. ಕತ್ತಲು. ಬಲ್ಬ್ ಇರುವ ಕಡೆ ಮಾತ್ರ ಒಂದು ಮಸುಕು ಚುಕ್ಕೆ. ಮೆಟಲೈಸ್ಡ್ ಪದರ ಇದ್ದರೆ ಹಾಗಿರಬೇಕು. ಹೊಸ ಪೌಚಿನ ಮೂಲೆ ಕತ್ತರಿಸಿ ಉಗುರಿನಿಂದ ಪದರ ಬಿಡಿಸಿದೆ. ಎರಡೇ ಪದರ. ಒಂದು ಪೆಟ್, ಒಂದು ಬಿಳಿ ಪಾಲಿ. ಕನ್ನಡಿಯಂಥ ಪದರ ಇಲ್ಲವೇ ಇಲ್ಲ.

ಫೋಟೋ ಕಳಿಸಿದೆ. ಉತ್ತರ ನೋಡಿ:

"ನೀವು ಹೇಳಿದ್ದು 90 ಮೈಕ್ರಾನ್. ಕೊಟ್ಟಿದ್ದು 90 ಮೈಕ್ರಾನ್. ಗೇಜ್ ಹಚ್ಚಿ ನೋಡ್ರಿ."

ಹಚ್ಚಿ ನೋಡಿಸಿದೆ. 90 ಬಂತು! ಇಲ್ಲೇ ಇರೋದು ಕಿತಾಪತಿ. ನಡುವಿನ 12 ಮೈಕ್ರಾನ್ ಮೆಟಲೈಸ್ಡ್ ತೆಗೆದುಹಾಕಿ, ಅಷ್ಟೇ ದಪ್ಪಕ್ಕೆ ಒಳಗಿನ ಪಾಲಿ ಏರಿಸಿದ್ದಾರೆ. ದಪ್ಪ ಸರಿ, ಕೈಗೂ ಗಟ್ಟಿ. ಪಾಲಿ ಅಗ್ಗ. ಅದು ತೇವ ತಡೆಯುತ್ತದೆ, ಆದರೆ ಆಮ್ಲಜನಕಕ್ಕೆ ಅದು ಬಾಗಿಲು ತೆರೆದಿಟ್ಟಂತೆ. 12 ಮೈಕ್ರಾನ್ ಸಾದಾ ಪೆಟ್ ಮೂಲಕ ಒಂದು ಚದರ ಮೀಟರಿಗೆ ದಿನಕ್ಕೆ 100 ಸಿಸಿಗೂ ಜಾಸ್ತಿ ಆಮ್ಲಜನಕ ಒಳಗೆ ಹೋಗುತ್ತದೆ. ಮೆಟಲೈಸ್ಡ್ ಆದರೆ ಒಂದೆರಡು ಸಿಸಿ ಅಷ್ಟೇ. ಪಾಲಿ ಎಷ್ಟು ದಪ್ಪ ಮಾಡಿದರೂ ಆ ವ್ಯತ್ಯಾಸ ತುಂಬೋದಿಲ್ಲ. ಉಪ್ಪಿಗೋ ಸಕ್ಕರೆಗೋ ಇದೇ ಪೌಚ್ ಸಾಕು. ಎಣ್ಣೆ ಪದಾರ್ಥಕ್ಕೆ ಸಾಲದು. ಮೈಕ್ರಾನ್ ಅಂದರೆ ದಪ್ಪ ಅಷ್ಟೇ, ಬರೀ ದಪ್ಪ!

ಮುಂದಿನ ಉತ್ತರ: "ನಿಮ್ಮ ಎಣ್ಣೀನ ಸರಿ ಇಲ್ಲ ಕಾಣ್ತದ ಅಕ್ಕಾರ."

ರಕ್ತ ಕುದಿಯಿತು. ಒಂದೇ ದಿನ ಕುಟ್ಟಿದ ಪುಡಿಯನ್ನು ಉಳಿದಿದ್ದ ಸ್ಯಾಂಪಲ್ ಪೌಚಿಗೂ ಹೊಸ ಪೌಚಿಗೂ ತುಂಬಿ, ಒಂದೇ ಕಪಾಟಿನಲ್ಲಿ ಪಕ್ಕಪಕ್ಕ ಇಟ್ಟೆ. ಮತ್ತೆ ಒಂದೂವರೆ ತಿಂಗಳಿಗೆ ತೆಗೆದರೆ ಒಂದು ಘಮ್ ಅಂತು, ಇನ್ನೊಂದು ಕಮಟು. ಹೇಳಿದೆ. ಅದಕ್ಕೆ ಅವನು ಕಳಿಸಿದ್ದು ಫುಡ್ ಗ್ರೇಡ್ ಸರ್ಟಿಫಿಕೇಟಿನ ಪಿಡಿಎಫ್! ಅದಕ್ಕೂ ಇದಕ್ಕೂ ಏನು ಸಂಬಂಧ? 2018ರ ಎಫ್‌ಎಸ್‌ಎಸ್‌ಎಐ ಪ್ಯಾಕೇಜಿಂಗ್ ನಿಯಮದಲ್ಲಿ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಷ್ಟಕ್ಕಿಂತ ಹೆಚ್ಚು ಏನೂ ಇಳಿಯಬಾರದು ಅಂತ ಮಿತಿ ಇದೆ, ಕೆ.ಜಿ.ಗೆ 60 ಮಿ.ಗ್ರಾಂ. ಆ ಕಾಗದ ಹೇಳೋದು ಅದನ್ನು. ಪುಡಿ ಎಷ್ಟು ದಿನ ಕೆಡದೆ ಇರುತ್ತದೆ ಅಂತ ಅಲ್ಲ.

ಕೊನೆಗೆ ಬಿಲ್ ತೋರಿಸಿದ. ಬಿಲ್ಲಿನಲ್ಲಿ "ಪ್ರಿಂಟೆಡ್ ಪೌಚ್ 90 ಮೈಕ್ರಾನ್" ಅಂತ ಒಂದೇ ಸಾಲು. "ಬಿಲ್‌ನ್ಯಾಗ ಇದ್ದದ್ದು ಕೊಟ್ಟೇವಿ." ಬಾಯಲ್ಲಿ ಮೂರು ಪದರ, ಬಿಲ್ಲಲ್ಲಿ ಮೈಕ್ರಾನ್.

ಇನ್ನು ಲೆಕ್ಕ. 4.10 ಅಂದನಲ್ಲ, ಅದರಲ್ಲಿ ಪ್ರಿಂಟ್ ಒತ್ತುವ ಉರುಳೆಯ, ಅಂದರೆ ಸಿಲಿಂಡರಿನ, ಖರ್ಚು ಸೇರಿರಲಿಲ್ಲ. ರೋಟೋ ಪ್ರಿಂಟಿಗೆ ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕು. ಐದು ಬಣ್ಣ, ಒಂದಕ್ಕೆ 3,500, ಒಟ್ಟು 17,500. ಹತ್ತು ಸಾವಿರ ಪೌಚಿಗೆ ಹಂಚಿದರೆ 1.75. ಅಲ್ಲಿಗೆ ಪೌಚಿಗೆ 5.85 ಆಯಿತು. ಜಿಎಸ್‌ಟಿ ಬೇರೆ. ಪೇಟೆಯಲ್ಲಿ ಸಿದ್ಧ ಸಿಗುವ ಮೂರು ಪದರದ ಸಾದಾ ಬೆಳ್ಳಿ ಪೌಚ್ 4.80, ಮೇಲೆ ಚಂದದ ಸ್ಟಿಕ್ಕರ್ 1.20, ಸೇರಿ 6 ರೂಪಾಯಿ. ಹದಿನೈದು ಪೈಸೆ ವ್ಯತ್ಯಾಸ ಅಷ್ಟೇ ಅಲ್ವಾ! ಸಿದ್ಧ ಪೌಚನ್ನು ಐನೂರರ ಲೆಕ್ಕದಲ್ಲಿ ತರಬಹುದು. ಎಂಆರ್‌ಪಿ, ವಿಳಾಸ ಬದಲಾದರೆ ಸ್ಟಿಕ್ಕರ್ ಮಾತ್ರ ಬದಲಿಸಿದರಾಯಿತು.

ಸರಿ, ಬೇರೆ ಕಡೆ ಪ್ರಿಂಟ್ ಮಾಡಿಸ್ತೀನಿ, ನನ್ನ ದುಡ್ಡಿನ ಸಿಲಿಂಡರ್ ಕೊಡಿ ಅಂದೆ. "ಅವು ನಮ್ಮ ಮಷೀನ್ ಅಳತೀಗೆ ಮಾಡಿಸಿದ್ದು, ಬ್ಯಾರೆ ಕಡೆ ಕೂಡೂದಿಲ್ಲ." ಎಲ್ಲಾ ಮಷೀನಿಗೂ ಕೂರಲ್ಲ ಅನ್ನೋದು ನಿಜವೇ. ಆದರೆ ನನ್ನ ವಸ್ತು ನನಗೆ ಕೊಡೋಕೇನು? ಈಗ ಫೋನೇ ಎತ್ತುತ್ತಿಲ್ಲ. ಒಂದು ಮೆಸೇಜ್ ಮಾತ್ರ ಬಂದಿದೆ: "ಮುಂದಿನ ಆರ್ಡರ್ ಕೊಡ್ರಿ ಅಕ್ಕಾರ, ಅಡ್ಜಸ್ಟ್ ಮಾಡೂಣು." ಮುಂದಿನ ಆರ್ಡರ್ ಅಂತೆ!

ಆರ್ಡರ್ ಕೊಡುವವರು ಪದರಗಳ ಹೆಸರು, ಪ್ರತಿ ಪದರದ ಮೈಕ್ರಾನ್ ಬೇರೆ ಬೇರೆಯಾಗಿ ಬರೆಸಿ. 12 ಪೆಟ್, 12 ಮೆಟಲೈಸ್ಡ್ ಪೆಟ್, 66 ಪಾಲಿ, ಹೀಗೆ. ಸಿಲಿಂಡರ್ ನಿಮ್ಮದು, ಕೇಳಿದಾಗ ಕೊಡಬೇಕು ಅಂತಲೂ ಬರೆಸಿ. ಒಪ್ಪಿದ ಸ್ಯಾಂಪಲ್ ಮೇಲೆ ಅವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಮಾಲು ಬಂದ ದಿನವೇ, ಬಾಕಿ ದುಡ್ಡು ಕೊಡುವ ಮೊದಲೇ, ಪೆಟ್ಟಿಗೆಗೆ ಒಂದರಂತೆ ತೆಗೆದು ಟಾರ್ಚ್ ಹಾಕಿ, ಮೂಲೆ ಬಿಡಿಸಿ ನೋಡಿ. ಜಗಳ ದೊಡ್ಡದಾದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಪ್ಯಾಕೇಜಿಂಗಿಗೇ ಒಂದು ವಿಭಾಗವಿದೆ, ಅಲ್ಲಿ ವಿಚಾರಿಸಿ. ನಾನೂ ಪೌಚ್ ಕಳಿಸೋಕೆ ತಯಾರಿ ಮಾಡಿಕೊಂಡಿದ್ದೇನೆ, ರಿಪೋರ್ಟ್ ಕೈಗೆ ಬಂದ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗೋದೋ, ವಕೀಲರ ನೋಟಿಸೋ ಅಂತ ತೀರ್ಮಾನ ಮಾಡ್ತೀನಿ. ಇದೇ ಥರ ಬಿಳಿ ಪಾಲಿ ಪೌಚ್ ಬಂದವರು ಹುಬ್ಬಳ್ಳಿ-ಧಾರವಾಡ ಕಡೆ ಯಾರಾದರೂ ಇದ್ದರೆ ಹೇಳಿ, ಒಟ್ಟಿಗೆ ಹೋಗೋಣ.