ಎದ್ದು ಎದ್ದು ಬರುವ ಮಗು: ವಾಪಸ್ ಮಲಗಿಸಬೇಕಾ, ಪಕ್ಕದಲ್ಲಿ ಕೂರಬೇಕಾ?

ರಾಯಚೂರಿನ ನಮ್ಮ ಮನೆಯಲ್ಲಿ ಎರಡೂವರೆ ವರ್ಷದ ಮಗಳು ರಾತ್ರಿ ಹತ್ತು ಸಲ ಎದ್ದು ಬರುತ್ತಿದ್ದಳು. ಒಮ್ಮೆ ನೀರು, ಒಮ್ಮೆ ಅಜ್ಜಿ. ಎರಡು ದಾರಿ ನೋಡಿದೆವು.

ಮೊದಲನೆಯದು ಸುಮ್ನೆ ವಾಪಸ್ ಮಲಗಿಸುವುದು. "ಮಲಗೋ ಹೊತ್ತು, ಪುಟ್ಟಿ" ಎಂದು ಒಂದೇ ಸಲ ಹೇಳಬೇಕು. ಆಮೇಲೆ ಮಾತಿಲ್ಲ, ಬೈಗುಳವೂ ಇಲ್ಲ. ಮೊದಲ ಕೆಲವು ರಾತ್ರಿ ಅಳು ಜಾಸ್ತಿಯಾಗಬಹುದು, ನಂತರ ಬೇಗ ತಗ್ಗುತ್ತದೆ. ಆದರೆ ಹತ್ತನೇ ಸಲ ಸೋತು ಎತ್ತಿಕೊಂಡರೆ, ಹತ್ತು ಸಲ ಎದ್ದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ನಮ್ಮಲ್ಲಿ ಅದೇ ಆಯಿತು. ಅಜ್ಜಿಗೆ ಅಳು ಕೇಳಲಾಗಲಿಲ್ಲ.

ಎರಡನೆಯದು ಹಾಸಿಗೆ ಪಕ್ಕ ಕೂತು, ಎರಡು ಮೂರು ರಾತ್ರಿಗೊಮ್ಮೆ ಸ್ವಲ್ಪ ಬಾಗಿಲ ಕಡೆ ಸರಿಯುವುದು. ಎರಡು ವಾರಕ್ಕಿಂತ ಹೆಚ್ಚು ಹಿಡಿಯಬಹುದು. ಹೆದರುವ ಮಗುವಿಗೆ, ಹಿರಿಯರಿರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಕೂತಾಗ ಮಾತು, ಮೊಬೈಲ್ ಬೇಡ.

ಯಾವುದೇ ಆಗಲಿ, ಅದಕ್ಕೂ ಮೊದಲಿನ ಅರ್ಧ ಗಂಟೆ ದಿನವೂ ಒಂದೇ ಕ್ರಮದಲ್ಲಿರಲಿ: ಸ್ನಾನ, ಹಾಲು, ಹಲ್ಲುಜ್ಜುವುದು, ಉಚ್ಚೆ, ಒಂದು ಕಥೆ, ದೀಪ ಆರಿಸುವುದು. ನೀರು, ಉಚ್ಚೆ ಮುಗಿದಿದ್ದರೆ ನೆಪ ಕಡಿಮೆ.

ನಮ್ಮ ಕಡೆ ಬೇಸಿಗೆಯಲ್ಲಿ ಎಂಟು ಗಂಟೆಗೂ ಛತ್ತು ಕಾದಿರುತ್ತದೆ. ಆಗ ಏಳುವುದು ಹಟವಲ್ಲ, ಸೆಕೆ. ನಾವು ಒಂಬತ್ತಕ್ಕೆ ಮಲಗಿಸಿ, ಮಧ್ಯಾಹ್ನದ ನಿದ್ದೆಯನ್ನು ಮೂರಕ್ಕೇ ಮುಗಿಸಿದೆವು. ಎದ್ದು ಬರುವುದು ಎರಡು ಸಲಕ್ಕಿಳಿಯಿತು. ಮಗು ದಿನವೂ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ.